ಪೇಜಿನ ರೀಚ್ ಒಮ್ಮೆಲೇ ಬಿತ್ತಾ? ಬೂಸ್ಟ್ ಒತ್ತುವ ಮೊದಲು ಇಷ್ಟು ನೋಡಿ

ಕಾಸರಗೋಡಿನ ಕುಂಬಳೆ, ಬದಿಯಡ್ಕ, ಪೆರ್ಲ, ಮುಳ್ಳೇರಿಯಾ ಕಡೆ ಈಗ ಹಪ್ಪಳ ಮಾಡುವವರಿಂದ ಹಿಡಿದು ನರ್ಸರಿ, ಸೀರೆ ಅಂಗಡಿ, ಶಾಮಿಯಾನದವರ ತನಕ ಎಲ್ರಿಗೂ ಒಂದು ಫೇಸ್‌ಬುಕ್ ಪೇಜ್ ಉಂಟು. ಆರ್ಡರ್ ಬರೋದು ವಾಟ್ಸಾಪಲ್ಲಿ, ಆದ್ರೆ ಜನ ಮೊದಲು ನೋಡೋದು ಪೇಜಲ್ಲಿ. ಹಾಗಾಗಿ ಒಂದಿನ ಬೆಳಿಗ್ಗೆ ರೀಚ್, ಅಂದ್ರೆ ಪೋಸ್ಟ್ ಮುಟ್ಟಿದ ಜನರ ಸಂಖ್ಯೆ, ಮೂರನೇ ಒಂದು ಪಾಲಿಗೆ ಇಳಿದಿದೆ ಅಂತ ಕಂಡ್ರೆ ಹೊಟ್ಟೆಯಲ್ಲಿ ಒಂಥರಾ ಆಗೋದು ಸಹಜ. ಆಮೇಲೆ ಎಲ್ರೂ ಮಾಡೋದು ಹೆಚ್ಚುಕಮ್ಮಿ ಒಂದೇ, "ಇದು ಫೇಸ್‌ಬುಕ್‌ನವರು ದುಡ್ಡು ಕೀಳ್ಲಿಕ್ಕೆ ಮಾಡುವ ಉಪಾಯ" ಅಂತ ಬೈದು, ದುಡ್ಡು ಕೊಟ್ಟು ಪೋಸ್ಟನ್ನು ಹೆಚ್ಚು ಜನರಿಗೆ ತೋರಿಸುವ ಒಂದು ಬೂಸ್ಟ್ ಹಾಕೋದು, ಇಲ್ಲಾಂದ್ರೆ ದಿನಕ್ಕೆ ಐದಾರು ಪೋಸ್ಟ್ ತುರುಕೋದು, ಇನ್ನೂ ಕೆಲವರು ಹೊಸ ಪೇಜನ್ನೇ ಶುರು ಮಾಡ್ತಾರೆ. ಇದರಲ್ಲಿ ಯಾವುದು ಮಾಡಿದ್ರೂ ಒಂದು ತೊಂದರೆ ಉಂಟು, ಏನಂದ್ರೆ ಬಿದ್ದದ್ದು ಯಾಕೆ ಅಂತ ಹುಡುಕ್ಲಿಕ್ಕೆ ಬೇಕಾದ ಗುರುತುಗಳೆಲ್ಲ ಅಳಿಸಿ ಹೋಗ್ತವೆ. ಬೂಸ್ಟ್ ಹಾಕಿದ ಕೂಡ್ಲೇ ಗ್ರಾಫ್ ಮೇಲೆ ಬರ್ತದೆ, ರೋಗ ಹಾಗೇ ಒಳಗೆ ಇರ್ತದೆ.

ಬದಿಯಡ್ಕ ಹತ್ರ ನಮ್ಮ ಪರಿಚಯದ ಒಬ್ಬ ಅಕ್ಕ ಹಲಸಿನ ಹಪ್ಪಳ, ಮಾಂಬಳ, ಉಪ್ಪಿನಕಾಯಿ ಮಾಡಿ ಮಾರ್ತಾರೆ. ಅವರ ಪೇಜಿಗೆ ಆರು ಸಾವಿರದಷ್ಟು ಫಾಲೋವರ್ಸ್. ವಾರಕ್ಕೆ 12,000 ಇದ್ದ ರೀಚ್ ಮುಂದಿನ ವಾರ 4,000ಕ್ಕೆ ಬಂತು. ಆ ಪೇಜನ್ನೇ ಉದಾಹರಣೆಗೆ ಇಟ್ಕೊಂಡು ಹಂತ ಹಂತವಾಗಿ ಹೇಳ್ತೇನೆ, ಲೆಕ್ಕ ಸುಲಭ ಆಗ್ಲಿ ಅಂತ ಸಂಖ್ಯೆಗಳನ್ನು ರೌಂಡ್ ಮಾಡಿದ್ದೇನೆ.

ಮೊದಲು: ನಿಜಕ್ಕೂ ಬಿದ್ದಿದೆಯಾ?

ನಗಬೇಡಿ, ಎಷ್ಟೋ ಸಲ ಬಿದ್ದೇ ಇರೋದಿಲ್ಲ. ನಿನ್ನೆ ಸಂಜೆ ಹಾಕಿದ ಪೋಸ್ಟ್ 500 ಜನರನ್ನು ಮುಟ್ಟಿದೆ, ಹೋದ ತಿಂಗಳಿನ ಪೋಸ್ಟ್ 1,500 ತೋರಿಸ್ತಾ ಉಂಟು, ಅಂದ್ರೆ ರೀಚ್ ಹೋಯ್ತು ಅಂತ ಗಲಾಟೆ. ಹೋದ ತಿಂಗಳಿನ ಪೋಸ್ಟಿಗೆ ಒಂದು ತಿಂಗಳ ಸಮಯ ಸಿಕ್ಕಿದೆಯಲ್ಲ ಮಾರಾಯ್ರೆ. ಹೋಲಿಸುವಾಗ ಎರಡರ ವಯಸ್ಸೂ ಒಂದೇ ಇರ್ಬೇಕು. ಫೋಟೋ ಪೋಸ್ಟಾದ್ರೆ ಹಾಕಿ ಮೂರು ದಿನ ಆದ ಮೇಲೆ ಎಷ್ಟಾಯ್ತು ಅಂತ ಬರೆದಿಟ್ಕೊಳ್ಳಿ, ಅದೇ ಲೆಕ್ಕ ಸಾಕು. ರೀಲ್ ವಾರಗಟ್ಟಲೆ ಓಡ್ತಾ ಇರ್ತದೆ, ಅದನ್ನೂ ಫೋಟೋವನ್ನೂ ಒಂದೇ ಸಾಲಲ್ಲಿ ಇಟ್ಟು ನೋಡ್ಲಿಕ್ಕೇ ಹೋಗಬೇಡಿ.

ಎರಡನೇದು, ನೀವು ನೋಡ್ತಾ ಇರೋದು ರೀಚೇ ಹೌದಾ ಅಂತ ನೋಡಿ. ಈಗ ಪೇಜಿನ ಲೆಕ್ಕ ತೋರಿಸುವ `Insights` ತೆರೆದ್ರೆ ಎದುರಿಗೇ ಕಾಣೋದು `Views`. ಒಬ್ಬರೇ ಮೂರು ಸಲ ನೋಡಿದ್ರೆ ವ್ಯೂಸ್ ಮೂರು, ಆದ್ರೆ ಜನ ಒಬ್ಬರೇ. ಹಳೇ ಸ್ಕ್ರೀನ್‌ಶಾಟಲ್ಲಿ ಇದ್ದದ್ದು ಒಂದು, ಈಗ ತೋರಿಸ್ತಿರೋದು ಇನ್ನೊಂದು, ಎರಡನ್ನೂ ಹೋಲಿಸಿ ಕೂತ್ರೆ ಬರುವ ಉತ್ತರ ತಪ್ಪೇ. ದಿನಾಂಕವನ್ನೂ ಕೈಯಾರೆ ಹಾಕಿ, ಪೂರ್ತಿ ಏಳು ದಿನಕ್ಕೆ ಪೂರ್ತಿ ಏಳು ದಿನ, ಇವತ್ತಿನ ಅರ್ಧ ದಿನ ಬಿಟ್ಟು.

ಗ್ರಾಫ್ ಹೇಗೆ ಬಿದ್ದಿದೆ ನೋಡಿ

ಇದಕ್ಕೆ ಕಣ್ಣು ಸಾಕು, ಲೆಕ್ಕ ಬೇಡ. `Meta Business Suite` ಒಳಗೆ `Insights` ಹೋಗಿ ಮೂರು ತಿಂಗಳ ಗ್ರಾಫ್ ಹಾಕಿ. ಬೀಳುವುದರಲ್ಲಿ ಮುಖ್ಯವಾಗಿ ಮೂರು ರೀತಿ. ಎಲ್ಲ ಸಮ ಇತ್ತು, ಒಂದು ದಿನ ಕತ್ತರಿಸಿದ ಹಾಗೆ ಕೆಳಗೆ ಬಂತು, ಆಮೇಲೆ ಅಲ್ಲೇ ಸಮ ನಿಂತಿತು ಅಂದ್ರೆ ಯಾರೋ ಏನೋ ಆನ್ ಅಥವಾ ಆಫ್ ಮಾಡಿದ್ದಾರೆ. ಅದು ಜಾಹೀರಾತಿರಬಹುದು, ಸೆಟ್ಟಿಂಗ್ ಇರಬಹುದು, ಫೇಸ್‌ಬುಕ್ ಕಡೆಯ ನಿರ್ಬಂಧ ಇರಬಹುದು. ವಾರದಿಂದ ವಾರಕ್ಕೆ ಸ್ವಲ್ಪ ಸ್ವಲ್ಪವೇ ಇಳೀತಾ ಬಂದಿದ್ರೆ ಜನರಿಗೆ ನಿಮ್ಮ ಪೋಸ್ಟ್ ಸಾಕಾಗಿದೆ, ಅಥವಾ ಸೀಸನ್ ಮುಗಿದಿದೆ. ಮೂರನೇದು, ಒಂದು ದೊಡ್ಡ ಗುಡ್ಡದ ಹಾಗೆ ಏರಿ ಮತ್ತೆ ಮೊದಲಿನ ಮಟ್ಟಕ್ಕೇ ಬಂದದ್ದು. ಅದು ಬಿದ್ದದ್ದೇ ಅಲ್ಲ, ಒಂದು ಪೋಸ್ಟ್ ಓಡಿತ್ತು, ಓಟ ಮುಗಿಯಿತು ಅಷ್ಟೆ.

ಅಕ್ಕನ ಗ್ರಾಫಲ್ಲಿ ಗುಡ್ಡವೂ ಇತ್ತು, ಕತ್ತರಿಸಿದ ಗುರುತೂ ಇತ್ತು, ಎರಡೂ ಒಂದೇ ವಾರದಲ್ಲಿ. ಗೊಂದಲ ಆಗೋದೇ ಹೀಗೆ ಕಾರಣಗಳು ಒಂದರ ಮೇಲೊಂದು ಬಿದ್ದಾಗ, ಅದಕ್ಕೇ ಒಂದೊಂದೇ ಪದರ ತೆಗೀಬೇಕು.

ದುಡ್ಡು ಕೊಟ್ಟು ಬಂದದ್ದನ್ನು ಬೇರೆ ಮಾಡಿ

ಇನ್‌ಸೈಟ್ಸಲ್ಲಿ ಆರ್ಗಾನಿಕ್, ಅಂದ್ರೆ ದುಡ್ಡು ಕೊಡದೆ ಬಂದದ್ದು ಎಷ್ಟು, ಜಾಹೀರಾತಿನಿಂದ ಎಷ್ಟು ಅಂತ ಬೇರೆ ಬೇರೆ ನೋಡ್ಲಿಕ್ಕೆ ಆಗ್ತದೆ. ಅಕ್ಕನ ಪೇಜಲ್ಲಿ ಮೊದಲಿನ ವಾರ ಆರ್ಗಾನಿಕ್ 9,500, ಜಾಹೀರಾತಿನಿಂದ 3,500. ಕೂಡಿಸಿದ್ರೆ 13,000 ಆಗ್ತದೆ, ಒಟ್ಟು ರೀಚ್ 12,000 ಮಾತ್ರ ಉಂಟಲ್ಲ ಅಂತ ಕೇಳಬೇಡಿ, ಎರಡೂ ಕಡೆಯಿಂದ ನೋಡಿದವರನ್ನು ಒಟ್ಟು ಲೆಕ್ಕದಲ್ಲಿ ಒಂದೇ ಸಲ ಎಣಿಸ್ತಾರೆ. ಬಿದ್ದ ವಾರ ಜಾಹೀರಾತಿನದ್ದು ಸೊನ್ನೆ, ಯಾಕಂದ್ರೆ ಏಳು ದಿನದ ಬೂಸ್ಟ್ ಭಾನುವಾರ ಮುಗಿದಿತ್ತು. ಅದು ತನ್ನಷ್ಟಕ್ಕೆ ಮುಗೀತದೆ, ಎಷ್ಟೋ ಜನ ಅದನ್ನು ಗಮನಿಸೋದೇ ಇಲ್ಲ.

ಇಲ್ಲಿ ಒಂದು ನಂಬಿಕೆ ಹರಿದಾಡ್ತಾ ಇರ್ತದೆ, ಒಮ್ಮೆ ಬೂಸ್ಟ್ ಮಾಡಿದ್ರೆ ಆಮೇಲೆ ಫೇಸ್‌ಬುಕ್ ಆರ್ಗಾನಿಕನ್ನು ಬೇಕಂತಲೇ ಒತ್ತಿ ಹಿಡೀತದೆ ಅಂತ. ಅಕ್ಕನೂ ಅದನ್ನೇ ಹೇಳಿದ್ರು. ಅದನ್ನು ನಂಬುವ ಮೊದಲು ಬೂಸ್ಟ್ ಮಾಡುವುದಕ್ಕಿಂತ ಹಿಂದಿನ ಆರ್ಗಾನಿಕ್ ತೆಗೆದು ನೋಡಿ. ಹೆಚ್ಚಿನ ಸಲ ಆರ್ಗಾನಿಕ್ ಮೊದಲು ಎಲ್ಲಿತ್ತೋ ಅಲ್ಲೇ ಇರ್ತದೆ, ಬೂಸ್ಟಿನ ಎತ್ತರ ಕಣ್ಣಿಗೆ ಅಭ್ಯಾಸ ಆಗಿರ್ತದೆ ಅಷ್ಟೆ. ಇವರದ್ದರಲ್ಲಿ ಮಾತ್ರ ಆರ್ಗಾನಿಕ್ಕೂ 9,500ರಿಂದ 4,000ಕ್ಕೆ ಬಂದಿತ್ತು, ಹಾಗಾಗಿ ಕಥೆ ಇನ್ನೂ ಉಂಟು.

ಓಡಿದ ಪೋಸ್ಟನ್ನು ಬದಿಗಿಡಿ

ಆ ಮೊದಲಿನ ವಾರದಲ್ಲಿ ಒಂದು ರೀಲ್ ಇತ್ತು, ಕೈಗೆ ಎಣ್ಣೆ ಹಚ್ಚಿ ಹಲಸಿನಕಾಯಿ ಸೊಳೆ ಬಿಡಿಸುವುದು, ಮೇಣ ದಾರದ ಹಾಗೆ ಎಳೀತಾ ಬರ್ತದೆ, ಅಷ್ಟೇ. ಅದೊಂದೇ 3,000ಕ್ಕೂ ಹೆಚ್ಚು ಜನರನ್ನು ಮುಟ್ಟಿತ್ತು, ಅದರಲ್ಲಿ ಬಹುಪಾಲು ಪೇಜನ್ನು ಫಾಲೋ ಮಾಡದವರು. ಇಂಥದ್ದು ಒಂದು ಇದ್ರೆ ಸರಾಸರಿ ಪೂರ್ತಿ ಕೆಡ್ತದೆ, ಹಾಗಾಗಿ ಸರಾಸರಿ ತೆಗೀಬೇಡಿ. ಬೂಸ್ಟ್ ಆಗದ ಫೋಟೋ ಪೋಸ್ಟುಗಳನ್ನು ಮಾತ್ರ ತಗೊಂಡು, ಮೂರು ದಿನದ ರೀಚನ್ನು ಚಿಕ್ಕದರಿಂದ ದೊಡ್ಡದಕ್ಕೆ ಸಾಲಾಗಿ ಬರೀರಿ, ನಡುವಲ್ಲಿ ಬಂದದ್ದು ಯಾವುದೋ ಅದು ನಿಮ್ಮ ಪೇಜಿನ ನಿಜವಾದ ಮಟ್ಟ. ಏಳೆಂಟು ಪೋಸ್ಟ್ ಸಾಕು, ಪುಸ್ತಕದ ಹಿಂದಿನ ಪುಟದಲ್ಲಿ ಮಾಡುವ ಲೆಕ್ಕ ಇದು.

ಅಕ್ಕನ ಪೇಜಲ್ಲಿ ಬೀಳುವ ಮೊದಲು ನಡುವಿನ ಸಂಖ್ಯೆ 1,300, ಬಿದ್ದ ಮೇಲೆ 800. ಈಗ ನೋಡಿ, 12,000ದಿಂದ 4,000 ಅಂತ ಹೆದರಿದ್ದೆಲ್ಲ ಕರಗಿ ಬೂಸ್ಟ್ ಒಂದು ಪಾಲು, ರೀಲ್ ಒಂದು ಪಾಲು ಅಂತ ಹೋಯ್ತು, ಆದ್ರೂ 1,300ರಿಂದ 800ಕ್ಕೆ ಬಂದದ್ದಕ್ಕೆ ಎರಡೂ ಕಾರಣ ಅಲ್ಲ. ಅದೂ ಒಂದೆರಡು ಪೋಸ್ಟಲ್ಲ, ಆ ಸೋಮವಾರದ ನಂತರ ಹಾಕಿದ ಪ್ರತಿಯೊಂದೂ ಕಮ್ಮಿ. ಹುಡುಕಬೇಕಾದ ನಿಜವಾದ ಇಳಿತ ಇದು.

ಇಳಿದದ್ದು ಯಾರು, ಫಾಲೋವರ್ಸಾ ಹೊರಗಿನವರಾ?

ಪೋಸ್ಟಿನ ಅಥವಾ ಪೇಜಿನ ಇನ್‌ಸೈಟ್ಸಲ್ಲಿ `Followers` ಮತ್ತು `Non-followers` ಅಂತ ಭಾಗ ಮಾಡಿ ತೋರಿಸ್ತದೆ, ಇಡೀ ಹುಡುಕಾಟದಲ್ಲಿ ನನಗೆ ಅತಿ ಹೆಚ್ಚು ಉಪಯೋಗಕ್ಕೆ ಬರುವ ಜಾಗ ಇದೇ. ಹೊರಗಿನವರು ಮಾತ್ರ ಇಳಿದಿದ್ರೆ, ಫೇಸ್‌ಬುಕ್ ನಿಮ್ಮ ಪೇಜನ್ನು ಬೇರೆಯವರಿಗೆ ತೋರಿಸೋದು ಕಮ್ಮಿ ಮಾಡಿದೆ ಅಂತ ಅರ್ಥ. ಆಗ ನೇರ `Page status` ನೋಡ್ಲಿಕ್ಕೆ ಹೋಗಿ, `Professional dashboard` ಒಳಗೆ ಸಿಗ್ತದೆ. ನಿಯಮ ಮೀರಿದ್ದು ಏನಾದ್ರೂ ಇದ್ರೆ ಯಾವ ಪೋಸ್ಟ್ ಅಂತ ಸಹಿತ ಅಲ್ಲಿ ಬರೆದಿರ್ತದೆ, ಹೊರಗಿನವರಿಗೆ ಪೇಜನ್ನು ಶಿಫಾರಸು ಮಾಡೋದು ನಿಂತಿದ್ರೆ ಅದೂ ಕಾಣ್ತದೆ, ತಪ್ಪಾಗಿ ಹಾಕಿದ್ದಾರೆ ಅಂತ ಅನ್ನಿಸಿದ್ರೆ ಅಲ್ಲಿಂದಲೇ ಮರುಪರಿಶೀಲನೆಗೆ ಕೇಳಬಹುದು.

ಸಣ್ಣ ವ್ಯಾಪಾರದವರು ಇಲ್ಲಿ ಸಿಕ್ಕಿ ಬೀಳೋದು ಹೆಚ್ಚಾಗಿ ಎರಡು ಕಡೆ. ಒಂದು, ಬೇರೆಯವರ ವಿಡಿಯೋ ಇಳಿಸ್ಕೊಂಡು ವಾಟರ್‌ಮಾರ್ಕ್ ಸಮೇತ ತಮ್ಮ ಪೇಜಲ್ಲಿ ಹಾಕೋದು. 2025ರ ಜುಲೈಯಲ್ಲಿ ಫೇಸ್‌ಬುಕ್ ಇದರ ಬಗ್ಗೆ ಗಟ್ಟಿಯಾಗಿಯೇ ಹೇಳಿದೆ, ಪದೇ ಪದೇ ಬೇರೆಯವರದ್ದನ್ನು ಹಾಗೇ ಹಾಕುವ ಪೇಜಿನದ್ದು ಆ ವಿಡಿಯೋ ಮಾತ್ರ ಅಲ್ಲ, ಉಳಿದ ಪೋಸ್ಟ್‌ಗಳನ್ನೂ ಕಮ್ಮಿ ತೋರಿಸ್ತೇವೆ ಅಂತ. ಇನ್ನೊಂದು, "ಲೈಕ್ ಮಾಡಿ, ಶೇರ್ ಮಾಡಿ, ಮೂರು ಜನ ಫ್ರೆಂಡ್ಸ್‌ನ ಟ್ಯಾಗ್ ಮಾಡಿ, ಒಂದು ಕಿಲೋ ಹಪ್ಪಳ ಗೆಲ್ಲಿ" ಅನ್ನುವ ಥರದ್ದು. 2017ರ ಡಿಸೆಂಬರ್‌ನಿಂದ ಇಂಥದ್ದನ್ನು ಅವರು ಕೆಳಗೆ ತಳ್ತಾರೆ, ಬಿಡದೆ ಮಾಡ್ತಾ ಇದ್ರೆ ಇಡೀ ಪೇಜಿಗೆ ಪೆಟ್ಟು. "ನಿಮ್ಮ ಮನೇಲಿ ಹಪ್ಪಳಕ್ಕೆ ಕೊತ್ತಂಬರಿ ಹಾಕ್ತಾರಾ?" ಅಂತ ನಿಜವಾಗಿ ತಿಳ್ಕೊಳ್ಳಲಿಕ್ಕೆ ಕೇಳಿದ್ರೆ ಏನೂ ತೊಂದರೆ ಇಲ್ಲ.

ಇದೇ ಹೊತ್ತಿಗೆ ಮೆಸೆಂಜರಲ್ಲಿ "ನಿಮ್ಮ ಪೇಜ್ 24 ಗಂಟೆಯಲ್ಲಿ ಬಂದ್ ಆಗ್ತದೆ, ಈ ಲಿಂಕಲ್ಲಿ ಅಪೀಲ್ ಮಾಡಿ" ಅಂತ ಮೆಸೇಜ್ ಬಂದಿದ್ರೆ ಮುಟ್ಟಲೇಬೇಡಿ. ರೀಚ್ ಬಿದ್ದ ಹೆದರಿಕೆಯಲ್ಲಿ ಅದು ನಿಜ ಅನ್ನಿಸ್ತದೆ, ಒತ್ತಿ ಪಾಸ್‌ವರ್ಡ್ ಕೊಟ್ರೆ ರೀಚ್ ಅಲ್ಲ, ಪೇಜೇ ಹೋಗ್ತದೆ. ನಿಜವಾದ ದೂರು ಇದ್ರೆ ಅದು `Page status` ಒಳಗೆ ಕಾಣಲೇಬೇಕು, ಅಲ್ಲಿ ಇಲ್ಲಾಂದ್ರೆ ಮೆಸೇಜ್ ಮೋಸದ್ದೇ.

ಅಕ್ಕನ ಪೇಜಲ್ಲಿ ಅದೆಲ್ಲ ಹಸಿರು, ಒಂದು ದೂರೂ ಇಲ್ಲ. ಇಳಿದದ್ದು ಹೊರಗಿನವರಲ್ಲ, ಫಾಲೋವರ್ಸ್. ಫಾಲೋವರ್ಸ್ ಸಂಖ್ಯೆ ಮಾತ್ರ ಹಾಗೇ ಉಂಟು, ಯಾರೂ ಬಿಟ್ಟು ಹೋಗಿಲ್ಲ. ಜನರಿಗೆ ಬೇಜಾರು ಬಂದಿದ್ರೆ ಗ್ರಾಫ್ ನಿಧಾನಕ್ಕೆ ಇಳೀಬೇಕಿತ್ತು, ಒಂದೇ ದಿನದಲ್ಲಿ ಆರು ಸಾವಿರ ಜನರಲ್ಲಿ ಒಂದು ಪಾಲಿಗೆ ಒಟ್ಟಿಗೇ ಬೇಜಾರು ಬರೋದಿಲ್ಲ ಅಲ್ವಾ.

ಕಮೆಂಟಲ್ಲಿ ಯಾರು ಕಾಣೆ?

ಇನ್ನು ಸಂಖ್ಯೆ ಬಿಟ್ಟು ಹೆಸರುಗಳನ್ನು ನೋಡಿ. ಬೀಳುವ ಮೊದಲಿನ ಐದು ಪೋಸ್ಟಿನ ಕಮೆಂಟು, ಆಮೇಲಿನ ಐದು ಪೋಸ್ಟಿನ ಕಮೆಂಟು, ಎರಡನ್ನೂ ಅಕ್ಕಪಕ್ಕ ಇಟ್ಟು ಓದಿದ್ರೆ ಸಾಕು. ಪುತ್ತೂರಿನವರು, ವಿಟ್ಲದವರು, ಮಂಗಳೂರಿನವರು ಮೊದಲಿನ ಹಾಗೇ ಇದ್ರು. "ಊರಿಗೆ ಬಂದಾಗ ಎರಡು ಕಟ್ಟು ತೆಗೆದಿಡಿ ಅಕ್ಕ" ಅಂತ ಬರೀತಿದ್ದ ದುಬೈ, ಶಾರ್ಜಾ, ದೋಹಾದವರು ಒಬ್ಬರೂ ಇಲ್ಲ. ನಮ್ಮ ಕಾಸರಗೋಡು ಕಡೆಯ ಪೇಜ್ ಅಂದ ಮೇಲೆ ಗಲ್ಫಿನವರು ಒಂದು ದೊಡ್ಡ ಪಾಲು, ಇನ್‌ಸೈಟ್ಸಲ್ಲಿ `Audience` ತೆರೆದ್ರೆ ದೇಶ, ಊರು ಎಲ್ಲ ತೋರಿಸ್ತದೆ, ಅಕ್ಕನ ಫಾಲೋವರ್ಸಲ್ಲಿ ಮೂರರಲ್ಲಿ ಒಬ್ಬರು ದೇಶದ ಹೊರಗಿದ್ದವರು. 1,300ರಲ್ಲಿ ಮೂರನೇ ಒಂದು ಪಾಲು ಹೋದ್ರೆ ಎಷ್ಟು ಉಳೀತದೆ ಅಂತ ನೀವೇ ನೋಡಿ, 800ಕ್ಕೆ ಹತ್ರ ಹತ್ರ ಬರ್ತದೆ.

ಪರೀಕ್ಷೆ ಮಾಡೋದು ಸುಲಭ. ಅಕ್ಕನ ಮೈದುನ ಶಾರ್ಜಾದಲ್ಲಿ, ಪೇಜಿನ ಲಿಂಕ್ ವಾಟ್ಸಾಪಲ್ಲಿ ಕಳಿಸಿ ತೆರೀಲಿಕ್ಕೆ ಹೇಳಿದ್ದು. ಎರಡು ನಿಮಿಷದಲ್ಲಿ ಸ್ಕ್ರೀನ್‌ಶಾಟ್ ಬಂತು, `This content isn't available right now`. "ಅತ್ತಿಗೆ, ನೀವು ಪೇಜ್ ತೆಗೆದ್ರಿ ಅಂತ ಗ್ರಹಿಸಿದ್ದೆ ನಾನು" ಅಂತ ವಾಯ್ಸ್ ಮೆಸೇಜ್ ಬೇರೆ. ಇಷ್ಟು ದಿನ ಒಬ್ಬರೂ ಹೇಳಿರಲಿಲ್ಲ, ಹೇಳೋದೂ ಇಲ್ಲ, ಫೀಡಲ್ಲಿ ಬಾರದೇ ಇದ್ದದ್ದನ್ನು ಯಾರು ಹುಡುಕಿ ಕೇಳ್ತಾರೆ.

ಸೆಟ್ಟಿಂಗ್ಸ್

ಪೇಜಿಗೆ ಸ್ವಿಚ್ ಆಗಿ `Settings` ಒಳಗೆ ಎರಡು ನೋಡಿ, `Country restrictions` ಮತ್ತು `Age restrictions`. ಫೇಸ್‌ಬುಕ್ ಮೆನುಗಳನ್ನು ಆಗಾಗ ಅತ್ತಿತ್ತ ಮಾಡ್ತಾ ಇರ್ತದೆ, ಕಾಣದಿದ್ರೆ ಸೆಟ್ಟಿಂಗ್ಸ್ ಒಳಗಿನ ಸರ್ಚಲ್ಲಿ ಆ ಹೆಸರು ಹಾಕಿ. ದೇಶದ ಜಾಗದಲ್ಲಿ ಭಾರತ ಮಾತ್ರ ಅಂತ ಇದ್ರೆ ಹೊರಗಿನವರಿಗೆ ಪೇಜೂ ಇಲ್ಲ, ಪೋಸ್ಟೂ ಇಲ್ಲ. ವಯಸ್ಸಿನ ಮಿತಿ ಹಾಕಿದ್ರೆ ಚಿಕ್ಕವರಿಗೆ ಕಾಣೋದಿಲ್ಲ, ಜೊತೆಗೆ ಲಾಗಿನ್ ಆಗದೆ ಗೂಗಲ್‌ನಿಂದ ಬರುವವರಿಗೂ ಪೇಜ್ ತೆರೆಯೋದಿಲ್ಲ, ಹಪ್ಪಳಕ್ಕೆ ವಯಸ್ಸಿನ ಮಿತಿ ಎಂತಕ್ಕೆ ಹೇಳಿ.

ಇಲ್ಲಿ ಇದ್ದದ್ದು ಅದೇ, ಇಂಡಿಯಾ ಮಾತ್ರ. ಯಾರು ಹಾಕಿದ್ದು ಅಂತ ತಿಳೀಲಿಕ್ಕೆ `Page access` ತೆರೆದು ಯಾರ್ಯಾರ ಕೈಯಲ್ಲಿ ಪೇಜ್ ಉಂಟು ಅಂತ ನೋಡಿ ಒಬ್ಬೊಬ್ಬರನ್ನೇ ಕೇಳೋದು. ಅಕ್ಕನ ತಂಗಿಯ ಮಗ ಪೋಸ್ಟ್ ಹಾಕ್ಲಿಕ್ಕೆ ಸಹಾಯ ಮಾಡ್ತಿದ್ದ.

"ಎಲ್ಲಿಂದೆಲ್ಲ ಲೋನ್ ಕೊಡ್ತೇವೆ, ಕ್ರಿಪ್ಟೋ ಅಂತ ಕಮೆಂಟ್ ಬರ್ತಿತ್ತಲ್ಲ ದೊಡ್ಡಮ್ಮ, ನೀವೇ ನಿಲ್ಲಿಸು ಅಂದದ್ದು" ಅಂದ.

"ಕಮೆಂಟ್ ನಿಲ್ಲಿಸು ಅಂದದ್ದು ಮಾರಾಯ, ಗಲ್ಫ್ ನಿಲ್ಲಿಸು ಅಂತಲ್ಲ" ಅಂತ ಅಕ್ಕ.

ಹುಡುಗನನ್ನು ಬೈದು ಪ್ರಯೋಜನ ಇಲ್ಲ, ಆ ಸೆಟ್ಟಿಂಗ್ ಒತ್ತುವಾಗ ಎಷ್ಟು ಫಾಲೋವರ್ಸಿಗೆ ಪೇಜ್ ಕಾಣದೆ ಹೋಗ್ತದೆ ಅಂತ ಅಲ್ಲಿ ಯಾರೂ ಲೆಕ್ಕ ಕೊಡೋದಿಲ್ಲ. ಸ್ಪಾಮಿಗೆ ಬೇರೆ ದಾರಿ ಉಂಟು, `Moderation Assist` ಅಂತ, ಲಿಂಕ್ ಇರುವ ಕಮೆಂಟನ್ನೋ ನೀವು ಕೊಟ್ಟ ಪದಗಳಿರುವ ಕಮೆಂಟನ್ನೋ ಅದು ತಾನಾಗಿ ಹೈಡ್ ಮಾಡ್ತದೆ. ಲೋನ್, ಕ್ರಿಪ್ಟೋ, ಇನ್ವೆಸ್ಟ್‌ಮೆಂಟ್ ಅಂತ ನಾಲ್ಕೈದು ಪದ ಇಂಗ್ಲಿಷಲ್ಲೇ ಹಾಕಿದ್ರೆ ಹೆಚ್ಚಿನದ್ದು ನಿಲ್ತದೆ.

ಯಾವುದೂ ಸಿಗದಿದ್ರೆ

ಬೂಸ್ಟೂ ಅಲ್ಲ, ರೀಲೂ ಅಲ್ಲ, ಸ್ಟೇಟಸ್ ಹಸಿರು, ಸೆಟ್ಟಿಂಗ್ ಸರಿ, ಗ್ರಾಫ್ ಮಾತ್ರ ನಿಧಾನಕ್ಕೆ ಇಳೀತಾ ಉಂಟು ಅಂದ್ರೆ ಆಗ ಪೋಸ್ಟನ್ನೇ ನೋಡ್ಬೇಕು. ನಮ್ಮ ಕಡೆ ಇದರಲ್ಲಿ ಭಾಷೆಯದ್ದೂ ಒಂದು ಪಾಲು. ಫಾಲೋವರ್ಸಲ್ಲಿ ಕನ್ನಡದವರು, ಮಲಯಾಳದವರು, ತುಳುವಿನವರು ಎಲ್ಲ ಕಲಸಿರ್ತಾರೆ, ಇಷ್ಟು ದಿನ ಎರಡು ಭಾಷೆಯಲ್ಲೂ ಒಂದೊಂದು ಸಾಲು ಬರೀತಿದ್ದವರು ಈಗ ಬರೀ ಮಲಯಾಳಕ್ಕೆ ಬಂದ್ರೆ ಪುತ್ತೂರು, ಸುಳ್ಯದವರು ನೋಡದೆ ಜಾರಿಸ್ತಾರೆ, ಅವರು ಜಾರಿಸಿದ್ದನ್ನು ನೋಡಿ ಫೇಸ್‌ಬುಕ್ ಮುಂದಿನದ್ದನ್ನು ಅವರಿಗೆ ಇನ್ನೂ ಕಮ್ಮಿ ತೋರಿಸ್ತದೆ. ಸೀಸನ್ ಇನ್ನೊಂದು, ಹಪ್ಪಳ ಒಣಗಿಸುವ ಮಾರ್ಚ್, ಏಪ್ರಿಲ್‌ನ ರೀಚನ್ನು ಜೂನ್ ಜೊತೆ ಹೋಲಿಸಿ ಪ್ರಯೋಜನ ಇಲ್ಲ, ಹೋದ ವರ್ಷದ ಜೂನ್ ತೆಗೆದು ನೋಡಿ.

ಸರಿ ಮಾಡುವಾಗ ಒಂದೇ ಸಂಗತಿ ಬದಲಿಸಿ, ಐದಾರು ಪೋಸ್ಟ್ ಹಾಕಿ, ಮೂರು ದಿನದ ಸಂಖ್ಯೆ ಬರೆದು ನೋಡಿ, ಆಮೇಲೆ ಇನ್ನೊಂದು. ಭಾಷೆ, ಸಮಯ, ಫೋಟೋ ಎಲ್ಲ ಒಟ್ಟಿಗೆ ಬದಲಿಸಿದ್ರೆ ಯಾವುದರಿಂದ ಏರಿತು ಅಂತಲೇ ಗೊತ್ತಾಗೋದಿಲ್ಲ, ಮುಂದಿನ ಸಲ ಬಿದ್ದಾಗ ಮತ್ತೆ ಮೊದಲಿಂದ ಹುಡುಕಬೇಕು.

ಅಕ್ಕನ ಪೇಜಲ್ಲಿ ದೇಶದ ನಿರ್ಬಂಧ ತೆಗೆದ ಮೇಲೆ ಹೊಸ ಪೋಸ್ಟುಗಳ ನಡುವಿನ ಸಂಖ್ಯೆ 1,200ರ ಹತ್ತಿರಕ್ಕೆ ಬಂತು. ಅದಕ್ಕೆ ಒಂದೆರಡು ಪೋಸ್ಟ್ ಹಿಡಿಯಿತು, ಯಾಕಂದ್ರೆ ನಡುವಲ್ಲಿ ಗಲ್ಫಿನವರು ಏನನ್ನೂ ನೋಡಿಲ್ಲ, ಲೈಕ್ ಮಾಡಿಲ್ಲ. ನಿರ್ಬಂಧ ಇದ್ದಾಗ ಹಾಕಿದ ಪೋಸ್ಟುಗಳು ಮಾತ್ರ ಏರಲಿಲ್ಲ, ಅವುಗಳ ಹೊತ್ತು ಕಳೆದಿತ್ತು. ಅದರಲ್ಲಿ ಮುಖ್ಯವಾದದ್ದು ಮಾಂಬಳದ ರೇಟ್ ಪಟ್ಟಿ, ಅದನ್ನು ಹೊಸ ಫೋಟೋ ತೆಗೆದು ಮತ್ತೆ ಹಾಕಿದ್ರು. ವಾರದ ಒಟ್ಟು ರೀಚ್ ಈಗ 6,500ರ ಆಸುಪಾಸು. "12,000 ಆಗ್ಲಿಲ್ಲ ಅಲ್ವಾ ಇನ್ನೂ" ಅಂತ ಅಕ್ಕ ಕೇಳ್ತಾ ಇರ್ತಾರೆ. ಬೂಸ್ಟಿನ 3,500, ಹಲಸಿನ ರೀಲಿನ 3,000 ಸೇರಿ ಆದ 12,000 ಅದು, ಬೂಸ್ಟ್ ಇಲ್ಲದ ಸಾಮಾನ್ಯ ವಾರದಲ್ಲಿ ಈ ಪೇಜ್ ಮೊದಲೂ 6,500ರ ಹತ್ತಿರವೇ ಇತ್ತು.